‘ಬಿನ್’ ಅಂದ್ರೆ ಹೆಸರಲ್ಲ

ಚಿಕ್ಕಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಹುತ್ತೂರಿನ ಮನೆಗೆ ಇಂಗ್ಲೆಂಡಿನ ಒಂದು ಬ್ಯಾಂಕಿನಿಂದ ಕಾಗದ ಬಂತು. ‘ಮಿಸ್ಟರ್ ನಾರಾಯಣಪ್ಪ ಅವರ ನಿಧನದ ಸುದ್ದಿ ತಿಳಿದು ವಿಷಾದವಾಯಿತು’ ಅಂತ ಶುರುವಾಗಿತ್ತು. ಚಿಕ್ಕಪ್ಪನ ಮಗಳು ಓದಿ, ಅಜ್ಜಿಗೆ ತೆಲುಗಲ್ಲಿ ಬಿಡಿಸಿ ಹೇಳಿದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಈಗ ಗೊತ್ತಾಯ್ತಾ?’ ಅಂತ ಕೇಳಿತು.

ನಾರಾಯಣಪ್ಪ ಅಂದ್ರೆ ನಮ್ಮ ಅಜ್ಜ. ಅವರು ಹೋಗಿ ಇಪ್ಪತ್ತೆರಡು ವರ್ಷ.

ಬ್ಯಾಂಕಿನವರ ತಪ್ಪೇನೂ ಇರಲಿಲ್ಲ. ನಮ್ಮ ಕಡೆ ಹೆಸರಿನ ಜೊತೆ ಇನಿಷಿಯಲ್ ಇರುತ್ತೆ, ಮನೆತನದ ಹೆಸರು ಇರೋದಿಲ್ಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ‘ಸರ್‌ನೇಮ್’ ಅಂತ ಒಂದು ಖಾನೆ ಕಂಡಾಗ ಬಹಳ ಜನ ಮಾಡೋದನ್ನೇ ಚಿಕ್ಕಪ್ಪನೂ ಮಾಡಿದ್ದರು. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಬರೆದಿದ್ದರು. ಅಲ್ಲಿಗೆ ಇಂಗ್ಲೆಂಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದ ಏಳು ವರ್ಷವೂ ಅವರು ‘ಮಿಸ್ಟರ್ ನಾರಾಯಣಪ್ಪ’ ಆಗಿಯೇ ಬದುಕಿದರು. ಊರಿಗೆ ವಾಪಸ್ ಬಂದರೂ ಅಲ್ಲಿನ ಖಾತೆ ಮುಚ್ಚಿರಲಿಲ್ಲ. ಅದರಲ್ಲಿ ಸುಮಾರು ಹನ್ನೊಂದು ಸಾವಿರ ಪೌಂಡ್ ಉಳಿದಿತ್ತು. ಮಗಳ ಎಂಜಿನಿಯರಿಂಗ್ ಫೀಸಿಗೆ ಅಂತ ಚಿಕ್ಕಮ್ಮ ನೆಚ್ಚಿಕೊಂಡಿದ್ದು ಅದನ್ನೇ.

(ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ. ತೊಡಕು ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಚಿಕ್ಕಪ್ಪನ ಹೆಸರು ಮುನಿವೆಂಕಟಪ್ಪ ಅಂತ ಇಟ್ಟುಕೊಳ್ಳಿ.)

ಬ್ಯಾಂಕ್ ಕೇಳಿದ್ದು ಹೆಚ್ಚೇನಲ್ಲ. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಎರಡಕ್ಕೂ ದೃಢೀಕರಿಸಿದ ಇಂಗ್ಲಿಷ್ ಅನುವಾದ, ಮತ್ತೆ ಅವರದೇ ಒಂದು ಕ್ಲೇಮ್ ಫಾರಂ. ಅಲ್ಲಿ ಪ್ರತಿ ಬ್ಯಾಂಕೂ ತನ್ನದೇ ಒಂದು ಮಿತಿ ಇಟ್ಟುಕೊಂಡಿರುತ್ತೆ. ಖಾತೆಯ ಹಣ ಅದಕ್ಕಿಂತ ಕಡಿಮೆ ಇದ್ದರೆ ‘ಪ್ರೊಬೇಟ್’, ಅಂದ್ರೆ ಅಲ್ಲಿನ ನ್ಯಾಯಾಲಯದ ಅನುಮತಿ ಕೇಳದೆ, ವಾರಸುದಾರರ ಸಹಿ ಮೇಲೆ ಹಣ ಬಿಡುತ್ತಾರೆ. ನಮ್ಮದು ಆ ಮಿತಿಯೊಳಗೇ ಇತ್ತು. ಅದಕ್ಕಿಂತ ಹೆಚ್ಚಿದ್ದರೆ ನಮ್ಮ ತಹಶೀಲ್ದಾರರ ಪತ್ರ ಎಷ್ಟು ಚೆನ್ನಾಗಿ ಅನುವಾದ ಆಗಿದ್ದರೂ ಸಾಲುವುದಿಲ್ಲ, ಅಲ್ಲಿನ ಪ್ರೊಬೇಟ್ ಮಾಡಿಸಲೇಬೇಕು. ಹಾಗಾಗಿ ಅನುವಾದಕ್ಕೆ ದುಡ್ಡು ಹಾಕೋ ಮುಂಚೆ ಬ್ಯಾಂಕಿಗೆ ಒಂದು ಇಮೇಲ್ ಹಾಕಿ, ನಿಮ್ಮ ಮಿತಿ ಎಷ್ಟು, ಯಾವ ಕಾಗದ ಬೇಕು, ಅಪೊಸ್ಟಿಲ್ ಬೇಕಾ ಅಂತ ಬರವಣಿಗೆಯಲ್ಲಿ ಕೇಳಿಬಿಡಿ.

ನಾವು ಹಾಗೆ ಕೇಳಲಿಲ್ಲ. ಕೋಲಾರದಲ್ಲಿ ಒಂದು ಟೈಪಿಂಗ್ ಅಂಗಡಿಗೆ ಎರಡೂ ಕಾಗದ ಕೊಟ್ಟು, ಸಂಜೆಗೆ ಅನುವಾದ ತಗೊಂಡು, ನೋಟರಿ ಸೀಲು ಹಾಕಿಸಿ ಕಳಿಸಿಬಿಟ್ಟೆವು.

ಐದು ವಾರಕ್ಕೆ ಉತ್ತರ ಬಂತು. ಹಣ ಬಿಡೋಕಾಗಲ್ಲ, ಈ ಪ್ರಶ್ನೆಗಳಿಗೆ ಉತ್ತರ ಕೊಡಿ ಅಂತ.

ಮೊದಲನೇ ಪ್ರಶ್ನೆ ಹೆಸರಿನದು. ನಮ್ಮಲ್ಲಿ ಈಗಿನ ಮರಣ ಪ್ರಮಾಣಪತ್ರ ನಮೂನೆ 6ರಲ್ಲಿ ಬರುತ್ತೆ. ಶೀರ್ಷಿಕೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತವೆ. ಚಿಕ್ಕಪ್ಪನದರಲ್ಲಿ ಹೆಸರೂ ಎರಡು ಲಿಪಿಯಲ್ಲಿತ್ತು. ಇಂಗ್ಲಿಷಿನಲ್ಲಿ Munivenkatappa N ಅಂತ ಅಚ್ಚಾಗಿತ್ತು. ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ ಇದ್ದದ್ದು Muni Venkatappa Narayanappa. ಟೈಪಿಂಗ್ ಅಂಗಡಿಯ ಹುಡುಗ ಜಾಣ. ಪಾಸ್‌ಪೋರ್ಟ್ ಜೆರಾಕ್ಸ್ ನೋಡಿ, ‘ಹೊಂದಿಸಿಬಿಡ್ತೀನಿ ಸಾರ್’ ಅಂತ ಅನುವಾದದಲ್ಲಿ ಪಾಸ್‌ಪೋರ್ಟಿನ ಹೆಸರನ್ನೇ ಹಾಕಿದ್ದ. ನಮಗೂ ಖುಷಿಯಾಗಿತ್ತು, ಒಂದು ತಲೆನೋವು ಹೋಯ್ತು ಅಂತ. ಆದರೆ ಬ್ಯಾಂಕಿನಲ್ಲಿ ಕೂತವರಿಗೆ ಕನ್ನಡ ಬರದಿದ್ದರೂ ಮೂಲದಲ್ಲಿ ಅಚ್ಚಾದ ಇಂಗ್ಲಿಷ್ ಹೆಸರು ಓದೋಕೆ ಬರುತ್ತೆ. ಮೂಲದಲ್ಲಿ ಒಂದು ಹೆಸರು, ಅನುವಾದದಲ್ಲಿ ಇನ್ನೊಂದು. ಅನುವಾದಕ ಒಂದು ಕಡೆ ತಿದ್ದಿದ್ದಾನೆ ಅಂದಮೇಲೆ ಉಳಿದ ಕಡೆ ತಿದ್ದಿಲ್ಲ ಅಂತ ಏನು ಗ್ಯಾರಂಟಿ? ಅವರ ಅನುಮಾನ ನ್ಯಾಯವೇ.

ಎರಡನೇ ಪ್ರಶ್ನೆ ಓದಿ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ವಾರಸುದಾರರ ಪತ್ರದಲ್ಲಿ ಚಿಕ್ಕಮ್ಮನ ಹೆಸರು Lakshmamma Kom Munivenkatappa ಅಂತಿದೆ, ಆಧಾರ್‌ನಲ್ಲಿ ಬರೀ Lakshmamma. ಈ Kom ಅವರ ಮಧ್ಯದ ಹೆಸರಾ? ಮತ್ತೆ Munivenkatappa Bin Late Narayanappa ಅನ್ನೋರು ಯಾರು, ನಮ್ಮ ಗ್ರಾಹಕರೇನಾ, ಬೇರೆಯವರಾ?

ಕಂದಾಯದ ಕಾಗದ ನೋಡಿದ ಯಾರಿಗಾದರೂ ಗೊತ್ತು, ‘ಬಿನ್’ ಅಂದ್ರೆ ಇಂಥವರ ಮಗ, ‘ಕೋಂ’ ಅಂದ್ರೆ ಇಂಥವರ ಹೆಂಡತಿ. ಪಹಣಿಯಿಂದ ಹಿಡಿದು ಕೋರ್ಟ್ ನೋಟೀಸಿನವರೆಗೆ ಎಲ್ಲಾ ಕಡೆ ಇರೋ ಪದಗಳು. ‘ಲೇಟ್’ ಅಂತೂ ಇಂಗ್ಲಿಷ್ ಪದವೇ, ಆದರೆ ಕನ್ನಡ ಸಾಲಿನ ಮಧ್ಯದಿಂದ ಎತ್ತಿ ಹಾಗೇ ಇಂಗ್ಲಿಷಿಗೆ ಇಟ್ಟಾಗ ಅದೂ ಹೆಸರಿನ ಭಾಗದ ಥರ ಕಂಡುಬಿಟ್ಟಿದೆ. ಹುಡುಗ ಈ ಮೂರನ್ನೂ ಅನುವಾದ ಮಾಡದೆ ಅಕ್ಷರ ಮಾತ್ರ ಬದಲಾಯಿಸಿದ್ದ. ಬದಲಾಯಿಸಬಾರದ ಹೆಸರನ್ನು ಬದಲಾಯಿಸಿ, ಬದಲಾಯಿಸಬೇಕಾದ ಪದವನ್ನು ಹಾಗೇ ಬಿಟ್ಟಿದ್ದ.

ಮೂರನೇ ಪ್ರಶ್ನೆ ಸಣ್ಣದು. ಅನುವಾದ ಮಾಡಿದವರು ಯಾರು? ನಾವು ಕಳಿಸಿದ್ದರಲ್ಲಿ ನೋಟರಿಯ ಸೀಲಿತ್ತು, ಅನುವಾದಕನ ಹೆಸರೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ದೇಶಗಳಲ್ಲಿ ಪ್ರಮಾಣ ಮಾಡಿದ ಅಧಿಕೃತ ಅನುವಾದಕರು ಅಂತ ಸರಕಾರದ ಪಟ್ಟಿ ಇರುತ್ತೆ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಬ್ರಿಟಿಷ್ ಸರಕಾರದ ಸೂಚನೆ ಸರಳವಾಗಿದೆ: ಅನುವಾದದ ಮೇಲೆ ‘ಇದು ಮೂಲ ದಾಖಲೆಯ ಸತ್ಯವಾದ ಮತ್ತು ನಿಖರವಾದ ಅನುವಾದ’ ಅನ್ನುವ ಹೇಳಿಕೆ ಇರಬೇಕು, ಅನುವಾದದ ದಿನಾಂಕ ಇರಬೇಕು, ಅನುವಾದಕರ ಅಥವಾ ಅವರ ಸಂಸ್ಥೆಯ ಪ್ರತಿನಿಧಿಯ ಪೂರ್ತಿ ಹೆಸರು ಮತ್ತು ಸಂಪರ್ಕ ವಿವರ ಇರಬೇಕು. ನೋಟರಿ ಇದಕ್ಕೆ ಬದಲಿ ಅಲ್ಲ. 1952ರ ನೋಟರಿ ಕಾಯ್ದೆಯಲ್ಲಿ ಅನುವಾದ ಮಾಡೋ, ಅನುವಾದವನ್ನು ಪರಿಶೀಲಿಸೋ ಅಧಿಕಾರ ನೋಟರಿಗೆ ಇದೆ, ನಿಜ. ಆದರೆ ಮೂಲವನ್ನೂ ಅನುವಾದವನ್ನೂ ಎದುರು ಬದುರು ಇಟ್ಟು ನೋಡಿದ್ದೇನೆ ಅಂತ ಬರೆದು ಸಹಿ ಮಾಡೋದು ಬೇರೆ, ‘ಅಟೆಸ್ಟೆಡ್’ ಅಂತ ಒಂದು ಗುಂಡು ಸೀಲು ಒತ್ತೋದು ಬೇರೆ. ನಮಗೆ ಸಿಕ್ಕಿದ್ದು ಎರಡನೆಯದು.

ನಾನೇ ಅನುವಾದ ಮಾಡಿ ಕೊಡಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ದಿನಾ ಇಂಗ್ಲಿಷಿನಲ್ಲೇ ಕೆಲಸ ಮಾಡ್ತೀನಿ. ಆದರೆ ಹಣಕ್ಕೆ ಸಂಬಂಧಪಟ್ಟ ಮನೆಯವರು ಮಾಡಿದ ಅನುವಾದ ತಗೊಳ್ಳಲ್ಲ ಅಂತ ಬ್ಯಾಂಕಿನ ಕಾಗದದಲ್ಲೇ ಇತ್ತು.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಅನುವಾದಕಿ ಸಿಕ್ಕರು. ಕೋರ್ಟ್ ಕಾಗದಪತ್ರಗಳನ್ನೇ ವರ್ಷಗಟ್ಟಲೆ ಮಾಡಿದವರು. ನಾನು ಮೊದಲು ಹೇಳಿದ್ದು, ‘ಮೇಡಂ, ಹೆಸರು ಪಾಸ್‌ಪೋರ್ಟಿಗೆ ಹೊಂದೋ ಹಾಗೆ ಮಾಡಿಕೊಡಿ’ ಅಂತಲೇ.

‘ಅದು ನನ್ನ ಕೆಲಸ ಅಲ್ಲಪ್ಪ’ ಅಂದರು. ‘ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೇ ಅನುವಾದ ಮಾಡ್ತೀನಿ. ಸರಿಮಾಡೋದು ನೀವು, ಬೇರೆ ಕಾಗದದಲ್ಲಿ.’

ಆಮೇಲೆ ಎರಡೂ ಪತ್ರ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತರು. ‘ಇವರ ತಾಯಿ ಇದ್ದಾರಾ?’ ಅಂತ ಕೇಳಿದರು.

ಮರಣ ಪ್ರಮಾಣಪತ್ರದಲ್ಲಿ ತೀರಿಕೊಂಡವರ ತಾಯಿಯ ಹೆಸರಿಗೂ ಒಂದು ಖಾನೆ ಇರುತ್ತೆ. ಅಲ್ಲಿ ಅಜ್ಜಿಯ ಹೆಸರಿತ್ತು. ವಾರಸುದಾರರ ಪತ್ರದಲ್ಲಿ ಇದ್ದದ್ದು ಎರಡೇ ಹೆಸರು, ಹೆಂಡತಿ ಮತ್ತು ಮಗಳು.

‘ಇದ್ದಾರೆ ಮೇಡಂ, ನಮ್ಮ ಜೊತೆಗೇ ಇದ್ದಾರೆ.’

‘ಹಾಗಾದರೆ ಈ ಪತ್ರ ಅನುವಾದ ಮಾಡಿಸಬೇಡಿ. ದುಡ್ಡು ದಂಡ.’

ಅಜ್ಜಿ ಹೆಸರು ಹೇಗೆ ಬಿಟ್ಟುಹೋಯ್ತು ಅಂದ್ರೆ, ಅದು ಕಚೇರಿಯ ತಪ್ಪಲ್ಲ, ನಮ್ಮದೇ. ಚಿಕ್ಕಪ್ಪನ ಕಾರ್ಯ ಮುಗಿದ ಮೇಲೆ ಚಿಕ್ಕಮ್ಮನ ಅಣ್ಣ ಮುಂದೆ ನಿಂತು ನಾಡಕಚೇರಿಗೆ ಅರ್ಜಿ ಕೊಡಿಸಿದ್ದರು. ಅವರು ಚಿಕ್ಕಪ್ಪನ ರೇಷನ್ ಕಾರ್ಡ್ ನೋಡಿ ಹೆಸರು ಬರೆದಿದ್ದರು. ಅಜ್ಜಿಯ ಹೆಸರು ನಮ್ಮಪ್ಪನ ರೇಷನ್ ಕಾರ್ಡಿನಲ್ಲಿತ್ತು. ಅಷ್ಟೇ.

ಆದರೆ ಕಾನೂನಿಗೆ ರೇಷನ್ ಕಾರ್ಡ್ ಲೆಕ್ಕವಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಹೆಂಡತಿ, ಮಕ್ಕಳ ಸಾಲಿನಲ್ಲೇ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ತಂದೆ ಆ ಸಾಲಿನಲ್ಲಿ ಇಲ್ಲ, ತಾಯಿ ಇದ್ದಾಳೆ. ಹಣ ಇರೋದು ಇಂಗ್ಲೆಂಡಿನಲ್ಲಾದರೂ ಬ್ಯಾಂಕ್ ಠೇವಣಿ ಚರಾಸ್ತಿ, ಅದನ್ನು ಯಾರಿಗೆ ಎಷ್ಟು ಅಂತ ಹಂಚೋದಕ್ಕೆ ಅಲ್ಲಿನ ಕಾನೂನು ತೀರಿಕೊಂಡವರ ಖಾಯಂ ನೆಲೆ ಯಾವ ದೇಶ ಅಂತ ನೋಡುತ್ತೆ. ಚಿಕ್ಕಪ್ಪನ ನೆಲೆ ಹುತ್ತೂರು. ಹಾಗಾಗಿ ಮೂರು ಸಮಪಾಲು: ಚಿಕ್ಕಮ್ಮನಿಗೆ ಒಂದು, ಮಗಳಿಗೆ ಒಂದು, ಅಜ್ಜಿಗೆ ಒಂದು.

ಊರಿಗೆ ಹೋಗಿ ಇದನ್ನ ಹೇಳಿದಾಗ ಮನೆಯಲ್ಲಿ ಮೌನ. ಚಿಕ್ಕಮ್ಮನ ಅಣ್ಣ, ‘ಬ್ಯಾಂಕಿನವರು ಅದನ್ನ ಕೇಳೇ ಇಲ್ವಲ್ಲ. ಅಜ್ಜಿಗೆ ಓಡಾಡಕ್ಕಾಗಲ್ಲ, ಹೆಬ್ಬೆಟ್ಟು ಬೇರೆ. ಇರೋ ಪತ್ರವನ್ನೇ ಚೆನ್ನಾಗಿ ಟ್ರಾನ್ಸ್‌ಲೇಟ್ ಮಾಡ್ಸಿದ್ರೆ ಸಾಕು’ ಅಂದರು. ಅವರದ್ದು ದುರಾಸೆಯ ಮಾತು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸಲ್ಲ. ತಂಗಿ ಮಗಳ ಫೀಸಿನ ಕೊನೇ ದಿನ ಹತ್ತಿರ ಬರ್ತಿತ್ತು. ಆದರೆ ಬ್ಯಾಂಕಿನ ಫಾರಂನಲ್ಲಿ ‘ನಮ್ಮನ್ನು ಬಿಟ್ಟು ಬೇರೆ ವಾರಸುದಾರರಿಲ್ಲ, ಯಾರಾದರೂ ಬಂದು ಕೇಳಿದರೆ ಹಣ ಹಿಂತಿರುಗಿಸುತ್ತೇವೆ’ ಅನ್ನೋ ಅರ್ಥದ ಮುಚ್ಚಳಿಕೆ ಇರುತ್ತೆ. ಅದಕ್ಕೆ ಸಹಿ ಹಾಕಬೇಕಾದವರು ಚಿಕ್ಕಮ್ಮ. ಜೊತೆಗೆ ನಾವು ಕಳಿಸೋ ಮರಣ ಪ್ರಮಾಣಪತ್ರದಲ್ಲೇ ತಾಯಿಯ ಹೆಸರಿದೆ.

ಚಿಕ್ಕಮ್ಮನೇ ಕೊನೆಗೆ ಮಾತಾಡಿದರು. ‘ನಾಳೆ ಹೋಗಿ ಹೊಸದಾಗಿ ಅರ್ಜಿ ಹಾಕಪ್ಪ. ಅತ್ತೆ ಹೆಸರು ಸೇರಿಸು.’

ಇಲ್ಲಿ ಯಾವ ಪತ್ರ ಕೇಳಬೇಕು ಅನ್ನೋದೂ ಮುಖ್ಯ. ನಾವು ಮಾತಲ್ಲಿ ‘ವಂಶವೃಕ್ಷ’ ಅಂತೀವಿ. ವಂಶವೃಕ್ಷದಲ್ಲಿ ಅಜ್ಜ, ಅಜ್ಜಿ, ಅಣ್ಣತಮ್ಮಂದಿರು, ಅವರ ಮಕ್ಕಳು ಎಲ್ಲಾ ಇರುತ್ತಾರೆ. ಜಮೀನಿನ ಪೌತಿ ಖಾತೆಗೆ ಅದು ಬೇಕು. ಅದನ್ನು ವಿದೇಶದ ಬ್ಯಾಂಕಿಗೆ ಕಳಿಸಿದರೆ, ಇಷ್ಟು ಜನರಲ್ಲಿ ಹಕ್ಕಿರೋರು ಯಾರು ಅಂತ ಅವರಿಗೆ ಗೊತ್ತಾಗೋದಿಲ್ಲ. ಎಲ್ಲರ ಸಹಿ ಬೇಕು ಅಂತ ಕೇಳಬಹುದು. ನಮಗೆ ಬೇಕಾಗಿದ್ದು ತೀರಿಕೊಂಡವರ ಹೆಸರು, ಬದುಕಿರುವ ಹತ್ತಿರದವರ ಹೆಸರು, ಸಂಬಂಧ, ವಯಸ್ಸು ಇರುವ ಪತ್ರ, ‘ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ’. ನಾಡಕಚೇರಿಯಲ್ಲಿ ಅಫಿಡವಿಟ್ ಸಮೇತ ಅರ್ಜಿ ಕೊಟ್ಟು, ಊರಲ್ಲಿ ವಿಚಾರಣೆ ಆಗಿ, ಹೊಸ ಪತ್ರ ಕೈಗೆ ಬಂತು. ಅದರ ಮೇಲಿರುವ RD ಅಂತ ಶುರುವಾಗೋ ಸಂಖ್ಯೆಯನ್ನು ಅನುವಾದದಲ್ಲಿ ಒಂದಂಕಿಯೂ ತಪ್ಪದೆ ಹಾಕಿಸಿ. ಆ ಸಂಖ್ಯೆಯಿಂದ ಪತ್ರ ಅಸಲಿಯಾ ಅಂತ ಆನ್‌ಲೈನಿನಲ್ಲಿ ನೋಡಬಹುದು. ಹಳೇ ಪತ್ರದ ಪ್ರತಿಯನ್ನು ಬ್ಯಾಂಕಿಗೆ ಆಗಲೇ ಕಳಿಸಿದ್ದೆವಲ್ಲ, ಹಾಗಾಗಿ ಅದು ಯಾಕೆ ಬದಲಾಯಿತು ಅಂತ ಒಂದು ಪ್ಯಾರಾ ಮುಚ್ಚುಮರೆ ಇಲ್ಲದೆ ಬರೆದು ಹಾಕಿದೆವು.

ಈಗ ಅನುವಾದ. ಅನುವಾದಕಿ ಮಾಡಿದ್ದನ್ನು ನೋಡಿ ಎಷ್ಟು ಕಲಿಯೋದಿದೆ ಅನ್ನಿಸಿತು.

‘ಬದುಕುಳಿದ’ ಅನ್ನೋದನ್ನ ಟೈಪಿಂಗ್ ಅಂಗಡಿಯಲ್ಲಿ ಅಪಘಾತದಲ್ಲಿ ಪಾರಾದವರ ಥರ ಮಾಡಿದ್ದರು. ಇವರು ‘ಸರ್ವೈವಿಂಗ್ ಫ್ಯಾಮಿಲಿ ಮೆಂಬರ್ಸ್’ ಅಂತ ಸರಿಯಾದ ರೂಢಿಯ ಪದ ಹಾಕಿದರು. ಬ್ಯಾಂಕ್ ತನ್ನ ಪಟ್ಟಿಯಲ್ಲಿ ‘ಲೀಗಲ್ ಹೇರ್ ಸರ್ಟಿಫಿಕೇಟ್’ ಅಂತ ಕೇಳಿತ್ತು, ಆ ಹೆಸರನ್ನೇ ತಲೆಬರಹಕ್ಕೆ ಹಾಕಿ ಅಂದರೆ ಒಪ್ಪಲಿಲ್ಲ. ‘ಸಕ್ಸೆಷನ್ ಸರ್ಟಿಫಿಕೇಟ್’ ಅಂತೂ ಹಾಕಲೇಬಾರದು ಅಂದರು. ಅದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೆಳಗೆ ಕೋರ್ಟ್ ಕೊಡೋ ಪತ್ರ, ಇದು ತಹಶೀಲ್ದಾರರ ಪತ್ರ. ಅದರ ಬದಲು ಕೆಳಗೆ ಚೌಕ ಆವರಣದಲ್ಲಿ ಒಂದು ಅನುವಾದಕರ ಟಿಪ್ಪಣಿ ಹಾಕಿದರು: ಇದು ಕರ್ನಾಟಕದ ಕಂದಾಯ ಅಧಿಕಾರಿ ಕೊಟ್ಟ ಪತ್ರ, ಹೋಬಳಿ ಅಂದರೆ ತಾಲ್ಲೂಕಿನೊಳಗಿನ ಒಂದು ಕಂದಾಯ ವಿಭಾಗ ಅಂತ. ಹುತ್ತೂರು ಗ್ರಾಮ, ಹುತ್ತೂರು ಹೋಬಳಿ ಅಂತ ಒಂದೇ ಹೆಸರು ಎರಡು ಸಲ ಬರೋದು ಅಚ್ಚಿನ ತಪ್ಪಲ್ಲ ಅಂತ ಅವರಿಗೆ ಅರ್ಥವಾಗಬೇಕಲ್ಲ.

ಸೀಲಿನ ಒಳಗಿನ ಅಕ್ಷರವನ್ನೂ ಅನುವಾದ ಮಾಡಿದರು. ಓದಲಿಕ್ಕಾಗದ ಸಹಿಯ ಜಾಗದಲ್ಲಿ ‘ಸಹಿ, ಓದಲಾಗುತ್ತಿಲ್ಲ’ ಅಂತ ಬರೆದರು, ಊಹೆ ಮಾಡಲಿಲ್ಲ. ತಾರೀಖಿನಲ್ಲಿ ತಿಂಗಳನ್ನು ಅಂಕಿಯ ಬದಲು ಅಕ್ಷರದಲ್ಲಿ ಬರೆದರು. ಮರಣದ ದಿನಾಂಕ, ನೋಂದಣಿಯ ದಿನಾಂಕ, ಪತ್ರ ಕೊಟ್ಟ ದಿನಾಂಕ, ಹೀಗೆ ಒಂದೇ ಹಾಳೆಯಲ್ಲಿ ಮೂರು ತಾರೀಖು ಇರುತ್ತವೆ, ನೀವು ಪರೀಕ್ಷಿಸೋವಾಗ ಮೂರನ್ನೂ ಬೇರೆಬೇರೆಯಾಗಿ ನೋಡಿ. ಸಾವಿನ ಕಾರಣ ಮಾತ್ರ ಅಲ್ಲಿ ಹುಡುಕಬೇಡಿ. ಈ ಪ್ರಮಾಣಪತ್ರದಲ್ಲಿ ಅದನ್ನು ಬರೆಯುವ ಹಾಗಿಲ್ಲ, ಕಾನೂನೇ ಹಾಗಿದೆ. ವಿದೇಶದ ಸಂಸ್ಥೆ ಯಾವುದಾದರೂ ಕಾರಣ ಕೇಳಿದರೆ ಆಸ್ಪತ್ರೆಯ ಕಾಗದ ಪ್ರತ್ಯೇಕವಾಗಿ ಕೊಡಬೇಕು.

ಹೆಸರಿನ ವಿಷಯಕ್ಕೆ ಬರ್ತೀನಿ. ಮರಣ ಪ್ರಮಾಣಪತ್ರದ ಅನುವಾದದಲ್ಲಿ ಮೂಲದಲ್ಲಿ ಇದ್ದ ಹಾಗೇ Munivenkatappa N. ಪಾಸ್‌ಪೋರ್ಟಿನ ಹೆಸರಿಗೂ ಇದಕ್ಕೂ ಸೇತುವೆ ಯಾವುದು? ನೋಂದಣಾಧಿಕಾರಿಗೆ ಅರ್ಜಿ ಕೊಟ್ಟು, 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಕೆಳಗೆ ತಿದ್ದುಪಡಿ ಮಾಡಿಸಬಹುದು. ಆದರೆ ಯೋಚನೆ ಮಾಡಿ, ಇಲ್ಲಿ ತಪ್ಪು ಎಲ್ಲಿದೆ? ಊರಲ್ಲಿ, ಆಧಾರ್‌ನಲ್ಲಿ, ಪಹಣಿಯಲ್ಲಿ ಚಿಕ್ಕಪ್ಪ ಮುನಿವೆಂಕಟಪ್ಪ ಎನ್. ಆಗಿಯೇ ಇದ್ದದ್ದು. ಅದನ್ನು ಪಾಸ್‌ಪೋರ್ಟಿಗೆ ತಕ್ಕ ಹಾಗೆ ತಿದ್ದಿಸಿದರೆ ನಾಳೆ ಜಮೀನಿನ ಖಾತೆಗೆ ತೊಂದರೆ. ಹಾಗಾಗಿ ತಿದ್ದುಪಡಿ ಬಿಟ್ಟು, ಎರಡೂ ಹೆಸರಿನವರು ಒಬ್ಬರೇ ವ್ಯಕ್ತಿ ಅಂತ ಚಿಕ್ಕಮ್ಮನ ಕೈಲಿ ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಮಾಡಿಸಿದೆವು. ಎರಡು ಹೆಸರೂ ಒಟ್ಟಿಗೆ ಸಿಗೋ ಹಳೇ ಕಾಗದ ಇದ್ದರೆ ಜೊತೆಗಿಡಿ ಅಂದರು ಅನುವಾದಕಿ. ಮನೆಯೆಲ್ಲಾ ಹುಡುಕಿದೆ, ಸಿಗಲಿಲ್ಲ.

ಅವರೇ ಬೆರಳಿಟ್ಟು ತೋರಿಸಿದರು. ವಾರಸುದಾರರ ಪತ್ರದ ಮೊದಲ ಸಾಲು: ‘ಮುನಿವೆಂಕಟಪ್ಪ ಬಿನ್ ಲೇಟ್ ನಾರಾಯಣಪ್ಪ’. ಇದನ್ನು ‘ದಿವಂಗತ ನಾರಾಯಣಪ್ಪನವರ ಮಗ ಮುನಿವೆಂಕಟಪ್ಪ’ ಅಂತ ಇಂಗ್ಲಿಷಿಗೆ ತಂದರೆ ಆ ಒಂಟಿ N ಯಾರು ಅಂತ ಸರಕಾರಿ ಪತ್ರವೇ ಹೇಳಿದ ಹಾಗಾಯ್ತು. ಪಾಸ್‌ಪೋರ್ಟಿನ ಕೊನೇ ಪುಟದಲ್ಲೂ ತಂದೆಯ ಹೆಸರು ನಾರಾಯಣಪ್ಪ. ಬ್ಯಾಂಕಿಗೆ ಕಗ್ಗಂಟಾಗಿದ್ದ ಆ ‘ಬಿನ್’ ಅನ್ನೋ ಪದದಲ್ಲೇ ಉತ್ತರ ಇತ್ತು, ನಾವು ಅದನ್ನ ಹೆಸರು ಮಾಡಿ ಕಳಿಸಿಬಿಟ್ಟಿದ್ದೆವು.

ಬ್ಯಾಂಕ್ ಈ ಸಲ ವಾರಸುದಾರರ ಪತ್ರಕ್ಕೆ ಅಪೊಸ್ಟಿಲ್ ಕೂಡ ಕೇಳಿತು. ಅಪೊಸ್ಟಿಲ್ ಅಂದ್ರೆ ಪತ್ರದ ಮೇಲಿನ ಸಹಿ, ಸೀಲು, ಸಹಿ ಮಾಡಿದವರ ಹುದ್ದೆ ನಿಜ ಅಂತ ನಮ್ಮ ವಿದೇಶಾಂಗ ಸಚಿವಾಲಯ ಹೇಳೋದು. ಒಳಗೆ ಬರೆದದ್ದು ನಿಜ ಅಂತಾಗಲಿ, ಅನುವಾದ ಸರಿ ಅಂತಾಗಲಿ ಅದು ಹೇಳಲ್ಲ. ಆದ್ದರಿಂದ ಅದನ್ನು ಮೂಲ ಪತ್ರಕ್ಕೆ ಮಾಡಿಸಬೇಕು. ನೋಟರಿ ಮಾಡಿಸಿದ ಅನುವಾದಕ್ಕೆ ಅಪೊಸ್ಟಿಲ್ ಹಾಕಿಸಿದರೆ ನೋಟರಿಯ ಸಹಿ ಅಸಲಿ ಅಂತ ಮಾತ್ರ ಸಾಬೀತಾಗುತ್ತೆ. ಮೊದಲು ರಾಜ್ಯ ಸರಕಾರದ ದೃಢೀಕರಣ, ಆಮೇಲೆ ಸಚಿವಾಲಯದ್ದು. ಭಾರತದಲ್ಲಿ ಈ ಒಪ್ಪಂದ ಜಾರಿಗೆ ಬಂದದ್ದು 2005ರಲ್ಲಿ. ಗಲ್ಫಿನಲ್ಲಿ ಒಮಾನ್ 2012ರಲ್ಲಿ, ಬಹರೈನ್ 2013ರಲ್ಲಿ, ಸೌದಿ 2022ರಲ್ಲಿ ಇದಕ್ಕೆ ಸೇರಿದವು. ದುಬೈ ಕಡೆಯ ಖಾತೆಯಾದರೆ ದಾರಿಯೇ ಬೇರೆ: ಅಲ್ಲಿನ ರಾಯಭಾರ ಕಚೇರಿಯ ಮುದ್ರೆ ಬೇಕು, ಕೋರ್ಟಿಗೆ ಹೋಗೋದಾದರೆ ಅಲ್ಲಿನ ಪರವಾನಗಿ ಪಡೆದ ಕಾನೂನು ಅನುವಾದಕರ ಅರಬ್ಬಿ ಅನುವಾದ ಬೇಕು. ನಮ್ಮ ಬೆಂಗಳೂರಿನ ಇಂಗ್ಲಿಷ್ ಅನುವಾದ ಅಲ್ಲಿ ನಡೆಯೋದಿಲ್ಲ.

ಕೊನೆಗೆ ಉಳಿದದ್ದು ಅಜ್ಜಿಯ ಹೆಬ್ಬೆಟ್ಟು. ಮುಚ್ಚಳಿಕೆ ಇಂಗ್ಲಿಷಿನಲ್ಲಿದೆ, ಅಜ್ಜಿಗೆ ತೆಲುಗು, ಕನ್ನಡ ಎರಡೂ ಬರುತ್ತೆ, ಓದೋಕೆ ಯಾವುದೂ ಬರಲ್ಲ. ವಕೀಲರೊಬ್ಬರು ಮನೆಗೇ ಬಂದು ಪೂರ್ತಿ ಓದಿ ತೆಲುಗಲ್ಲಿ ವಿವರಿಸಿದರು. ‘ಓದಿ ಹೇಳಲಾಗಿದೆ, ಅರ್ಥ ಮಾಡಿಕೊಂಡು ಹೆಬ್ಬೆಟ್ಟು ಒತ್ತಿದ್ದಾರೆ’ ಅಂತ ಕೆಳಗೆ ಬರೆದು, ಇಬ್ಬರು ಸಾಕ್ಷಿ ಸಹಿ ಹಾಕಿಸಿ, ತಾವೂ ಸಹಿ ಮಾಡಿದರು. ಈ ಸಾಲು ಇಲ್ಲದಿದ್ದರೆ ಬರೀ ಹೆಬ್ಬೆಟ್ಟು ನೋಡಿ ಬ್ಯಾಂಕ್ ಮತ್ತೆ ಒಂದು ಕಾಗದ ಬರೆಯೋದು ಖಂಡಿತ.

ಏಳು ವಾರಕ್ಕೆ ಹಣ ಬಂತು. ಮೂವರೂ ಒಪ್ಪಿ ಸಹಿ ಮಾಡಿದ್ದರಿಂದ ಒಟ್ಟಿಗೆ ಚಿಕ್ಕಮ್ಮನ ಖಾತೆಗೇ ಹಾಕಿದರು. ಇಲ್ಲಿನ ಬ್ಯಾಂಕಿನವರು ಇದು ಯಾವ ಹಣ ಅಂತ ಕೇಳಿದಾಗ ಅದೇ ಅನುವಾದಗಳ ಪ್ರತಿ ಕೊಟ್ಟೆವು. ಫೀಸಿನ ಕೊನೇ ದಿನ ಮಾತ್ರ ಯಾವಾಗಲೋ ದಾಟಿತ್ತು, ಆಗ ನಮ್ಮಪ್ಪ ಕಟ್ಟಿದ್ದರು.

ಚಿಕ್ಕಮ್ಮ ಮಾರನೇ ದಿನವೇ ಮೂರನೇ ಒಂದು ಪಾಲನ್ನು ಅಜ್ಜಿಯ ಖಾತೆಗೆ ಹಾಕಿ ಪಾಸ್‌ಬುಕ್ ತಂದು ಕೊಟ್ಟರು. ಅಜ್ಜಿ ಪಾಸ್‌ಬುಕ್ ತಿರುಗಿಸಿ ನೋಡಿ, ಹೆಸರು ಯಾರದ್ದು ಬರೆದಿದ್ದಾರೆ ಅಂತ ಕೇಳಿತು. ನಿನ್ನದೇ ಅಜ್ಜಿ ಅಂದೆ. ‘ಮುಂದೆ?’ ಅಂತು.

‘ಕೋಂ ಲೇಟ್ ನಾರಾಯಣಪ್ಪ.’